ಕುರ್ಲಿಗೆ ಒಂದೇ ದನಿ: ಇಲ್ಲಿಯವರೆಗಿನ ಕೆಲಸ

ಕಾರವಾರದ ಅಕ್ಕ ಒಬ್ಬರು ಚಿಕ್ಕ ಮಕ್ಕಳಿಗೆ ಲೆಕ್ಕ ಮತ್ತು ಅಕ್ಷರದ ಕಾರ್ಡ್ ಮಾಡುತ್ತಾರೆ. ಅವರ ಪೇಜಿಗೆ ಒಂದು ಪುಟ್ಟ ಏಡಿಯ ಪಾತ್ರ ಇದೆ, ಹೆಸರು ಕುರ್ಲಿ. ಚಿತ್ರ ಶಿರಸಿಯ ಹುಡುಗನದು, ಮಾತು ನನ್ನದು, ಕಾಮೆಂಟಿಗೆ ಉತ್ತರ ಅಕ್ಕನದು. ಮೂರು ಕೈ ಸೇರಿದರೆ ಏನಾಗುತ್ತದೆ ಅಂತ ಗೊತ್ತಲ್ವಾ? ಒಂದು ಪೋಸ್ಟಿನಲ್ಲಿ ಕುರ್ಲಿ ತುಂಟ, ಮರುದಿನ ಮೇಷ್ಟ್ರು, ಕಾಮೆಂಟಿನಲ್ಲಿ ಅಂಗಡಿಯವರು. ಇದನ್ನು ಸರಿ ಮಾಡುವ ಕೆಲಸ ಈಗ ನಡೆಯುತ್ತಿದೆ.

ಸಾಮಾನ್ಯವಾಗಿ ಪಾತ್ರದ ದನಿ ಅಂದರೆ "ತಮಾಷೆ, ಪ್ರೀತಿ, ಉತ್ಸಾಹ" ಅಂತ ಮೂರು ಗುಣ ಬರೆದಿಡುತ್ತಾರೆ. ಅದರಿಂದ ಬರೆಯುವವರಿಗೆ ಏನೂ ಸಿಗುವುದಿಲ್ಲ. ಎಲ್ಲ ಕಾರ್ಟೂನುಗಳೂ ಉತ್ಸಾಹಿಗಳೇ. ನಾವು ಬೇರೆ ಕಡೆಯಿಂದ ಹೊರಟೆವು: ಕುರ್ಲಿಗೆ ಏನು ಗೊತ್ತಿಲ್ಲ?

ನಮ್ಮ ಕರಾವಳಿಯಲ್ಲಿ ಮರಳುಂಡೆ ಮಾಡುವ ಸಣ್ಣ ಏಡಿಗಳಿವೆ, ಬೆರಳ ತುದಿಯಷ್ಟೇ ಇರುತ್ತವೆ. ಇಳಿತದ ಹೊತ್ತಿಗೆ ಬಿಲದಿಂದ ಹೊರಗೆ ಬಂದು, ಮರಳನ್ನು ಬಾಯಿಗೆ ಹಾಕಿ, ಅದರಲ್ಲಿರುವ ಆಹಾರದ ಕಣ ತಿಂದು, ಉಳಿದ ಮರಳನ್ನು ಉಂಡೆ ಮಾಡಿ ಬಿಡುತ್ತವೆ. ನೆರಳು ಬಿದ್ದರೆ ಸಾಕು, ಓಡಿ ಬಿಲ ಸೇರುತ್ತವೆ. ಉಬ್ಬರ ಬಂದಾಗ ಉಂಡೆಗಳೆಲ್ಲ ಅಳಿಸಿಹೋಗುತ್ತವೆ. ಕುರ್ಲಿ ಈ ಜಾತಿಯದು ಅಂತ ತೀರ್ಮಾನ ಮಾಡಿದ ಮೇಲೆ ಬಹಳಷ್ಟು ತಾನೇ ಬಿಡಿಸಿಕೊಂಡಿತು. ಅದಕ್ಕೆ ಮರಳು, ಅಲೆ, ನೆರಳು, ಸಾಲು, ಎಣಿಕೆ ಗೊತ್ತು. ಶಾಲೆ, ಮಾರ್ಕು, ದುಡ್ಡು ಗೊತ್ತಿಲ್ಲ. ಸಮಯ ಕಡಿಮೆ, ಹಾಗಾಗಿ ಮಾತು ಚಿಕ್ಕದು. ಮಾಡಿದ್ದು ಅಳಿಸಿಹೋಗುವುದು ಅದಕ್ಕೆ ದಿನದ ಸಂಗತಿ, ಹಾಗಾಗಿ ತಪ್ಪಾದರೆ ಅದು ಗಾಬರಿ ಬೀಳುವುದಿಲ್ಲ.

ದುಡ್ಡು ಗೊತ್ತಿಲ್ಲ ಅಂತ ಇಟ್ಟದ್ದು ಬಹಳ ಉಪಯೋಗಕ್ಕೆ ಬಂತು. ಆಫರ್, ಬೆಲೆ, ಕೊರಿಯರ್, ದೂರು, ಇವೆಲ್ಲ ಈಗ ಅಕ್ಕನ ಮಾತು. ಕುರ್ಲಿ ಬಾಯಿಂದ "ಅಮ್ಮನ ಹತ್ತಿರ ಕೊಡಿಸಿಕೋ" ಅಂತ ಬರುವ ಹಾಗೇ ಇಲ್ಲ. ಮಕ್ಕಳನ್ನು ನೇರವಾಗಿ ಕೊಳ್ಳಲು ಅಥವಾ ಅಪ್ಪ ಅಮ್ಮನನ್ನು ಒಪ್ಪಿಸಲು ಹುರಿದುಂಬಿಸುವ ಜಾಹೀರಾತು ಸಲ್ಲದು ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿಯೂ ಹೇಳುತ್ತದೆ. ಆದರೆ ನನಗೆ ಅದಕ್ಕಿಂತ ದೊಡ್ಡ ಕಾರಣ ಇದು: ನಿನ್ನೆ ಜೊತೆಗೆ ಉಂಡೆ ಎಣಿಸಿದವರು ಇವತ್ತು ಮಾರಲು ಬಂದರೆ ಮಗು ಅವರ ಮಾತನ್ನು ಮತ್ತೆ ಯಾಕೆ ನಂಬಬೇಕು?

ಇನ್ನೊಂದು ವಿಷಯ ಯಾರು ಓದುತ್ತಾರೆ ಅನ್ನುವುದು. ಇನ್‌ಸ್ಟಾಗ್ರಾಂ ಖಾತೆ ತೆರೆಯಲು 13 ವರ್ಷ ಆಗಿರಬೇಕು, ನಮ್ಮ ಮಕ್ಕಳಿಗೆ 6 ಅಥವಾ 7. ಅಂದರೆ ಫೋನ್ ಹಿಡಿದವರು ಅಮ್ಮ ಅಥವಾ ಅಪ್ಪ, ಕೇಳುವುದು ಮಗು. ಕುರ್ಲಿಯ ಪ್ರತಿ ಸಾಲೂ ಜೋರಾಗಿ ಓದುವ ಸಾಲು. ಒಂದೇ ಉಸಿರಿನಲ್ಲಿ ಮುಗಿಯದಿದ್ದರೆ ಒಡೆಯುತ್ತೇವೆ.

ಕುರ್ಲಿ ಯಾವಾಗಲೂ ಒಂದೇ ಮಗುವಿನ ಹತ್ತಿರ ಮಾತಾಡುತ್ತದೆ, "ನೋಡು" ಅನ್ನುತ್ತದೆ, "ಮಕ್ಕಳೇ ನೋಡಿ" ಅನ್ನುವುದಿಲ್ಲ. "ಮಕ್ಕಳೇ" ಅಂದ ತಕ್ಷಣ ಅದು ತರಗತಿ ಆಗಿಬಿಡುತ್ತದೆ. ಅಕ್ಕ ದೊಡ್ಡವರ ಹತ್ತಿರ ಮಾತಾಡುವಾಗ "ನೀವು". ಕುರ್ಲಿ ಬಗ್ಗೆ ಹೇಳುವಾಗ "ಕುರ್ಲಿ ಬಂತು", ಬಂದನೂ ಅಲ್ಲ ಬಂದಳೂ ಅಲ್ಲ. ಕ್ರಿಯಾಪದದ ಕೊನೆ ಬಗ್ಗೆ ಜಾಸ್ತಿ ಚರ್ಚೆ ಆಯಿತು, ಯಾಕಂದರೆ ಒಬ್ಬರು "ನೋಡ್ತೇನೆ", ಇನ್ನೊಬ್ಬರು "ನೋಡ್ತೀನಿ" ಬರೆಯುತ್ತಿದ್ದರು. ಕೊನೆಗೆ "ನೋಡುತ್ತೇನೆ" ಇಟ್ಟೆವು. ಓದಲು ಕಲಿಯುವ ಮಗು ಪುಸ್ತಕದಲ್ಲಿ ನೋಡುವುದು ಅದನ್ನೇ. ಧಾರವಾಡದ ಅಮ್ಮನೋ ಮೈಸೂರಿನ ಅಪ್ಪನೋ ಜೋರಾಗಿ ಓದುವಾಗ ತಮ್ಮ ಮನೆ ಮಾತಿಗೆ ತಾವೇ ತಿರುಗಿಸಿಕೊಳ್ಳುತ್ತಾರೆ. ಊರಿನ ಮಾತು ಅಂತ ಒಂದೇ ಉಳಿಸಿದ್ದೇವೆ, "ಅಡ್ಡಿಲ್ಲ". ಅದು ಕೂಡ ಏನಾದರೂ ಅಳಿಸಿದಾಗ ಅಥವಾ ಲೆಕ್ಕ ತಪ್ಪಿದಾಗ ಮಾತ್ರ.

ಈಗ ಒಂದು ಪೋಸ್ಟನ್ನೇ ಬಿಡಿಸಿ ಹೇಳುತ್ತೇನೆ. ಲೆಕ್ಕ 13ರಲ್ಲಿ 5 ಕಳೆಯುವುದು. ಮೊದಲ ಕರಡು ಹೀಗಿತ್ತು: "ಹಾಯ್ ಮಕ್ಕಳೇ! ಇವತ್ತು ಕಳೆಯುವ ಲೆಕ್ಕ ಕಲಿಯೋಣ! 13ರಲ್ಲಿ 5 ಕಳೆದರೆ ಎಷ್ಟು? ಸರಿ ಉತ್ತರ ಹೇಳಿದವರು ಜಾಣರು!" ಇಲ್ಲಿ ಏಡಿಯ ಬದಲು ಆನೆ ಕೂರಿಸಿದರೂ ಏನೂ ಬದಲಾಗುವುದಿಲ್ಲ. ನಮ್ಮ ಪರೀಕ್ಷೆಯೇ ಅದು: ಚಿತ್ರ ಮತ್ತು ಹೆಸರು ಮುಚ್ಚಿ, ಸಾಲನ್ನು ಮಾತ್ರ ಕೆಲಸಕ್ಕೆ ಸೇರದವರ ಕೈಗೆ ಕೊಟ್ಟು, ಇದು ಯಾರ ಮಾತು ಅಂತ ಕೇಳುವುದು. ಜೊತೆಗೆ "ಜಾಣರು" ಅಂದರೆ ತಪ್ಪು ಹೇಳಿದ ಮಗು ಏನು ಅನ್ನುವ ಪ್ರಶ್ನೆ ಉಳಿಯುತ್ತದೆ.

ಈಗಿನದು: "ಉಂಡೆ ಮಾಡಿದೆ. ಸಾಲಾಗಿ 13. ಅಲೆ ಬಂತು. ಕೊನೆಯಿಂದ 5 ಒಯ್ದಿತು. ನಾನು ಬಿಲಕ್ಕೆ ಓಡಿದೆ, ಉಳಿದದ್ದನ್ನು ನೋಡಲಿಲ್ಲ. ಎಷ್ಟು ಉಳಿದಿದೆ, ಹೇಳುತ್ತೀಯಾ?" ಕುರ್ಲಿಗೆ ನಿಜವಾಗಿ ಗೊತ್ತಿಲ್ಲ, ಹಾಗಾಗಿ ಕೇಳುವುದಕ್ಕೆ ಕಾರಣ ಇದೆ. ಮಗು ಉತ್ತರ ಕೊಟ್ಟರೆ ಅದು ಸಹಾಯ.

ದನಿ ಒಡೆಯುವುದು ಪೋಸ್ಟಿಗಿಂತ ಕಾಮೆಂಟಿನಲ್ಲಿ. ಈ ಲೆಕ್ಕಕ್ಕೆ 9 ಅನ್ನುವ ಉತ್ತರ ಬಂದೇ ಬರುತ್ತದೆ. ಮಗು ಹಿಂದಕ್ಕೆ ಎಣಿಸುವಾಗ "13, 12, 11, 10, 9" ಅಂತ ಐದು ಬೆರಳು ಮಡಚಿ, ಕೊನೆಗೆ ಹೇಳಿದ ಸಂಖ್ಯೆಯನ್ನೇ ಉತ್ತರ ಮಾಡುತ್ತದೆ. ಅಲ್ಲಿ ಅದು ಹೇಳಿದ್ದು ಹೋದ ಉಂಡೆಗಳ ಹೆಸರು, ಉಳಿದದ್ದರ ಎಣಿಕೆ ಅಲ್ಲ. "ತಪ್ಪು, ಮತ್ತೆ ಪ್ರಯತ್ನಿಸಿ" ಅಂದರೆ ಮಗು ಅದೇ ರೀತಿ ಎಣಿಸಿ ಮತ್ತೆ 9ಕ್ಕೇ ಬರುತ್ತದೆ. ಕುರ್ಲಿಯ ಉತ್ತರ ಹೀಗಿರಬೇಕು ಅಂತ ಬರೆದಿಟ್ಟೆವು: "ಅಡ್ಡಿಲ್ಲ, ನಾನೂ ಎಣಿಸುತ್ತೇನೆ. ಅಲೆ 13ನೇ ಉಂಡೆ ಒಯ್ದಿತು. ಈಗ ಎಷ್ಟು ಉಳಿಯಿತು?" ಮಗು 12 ಅಂದರೆ ದಾರಿ ಸಿಕ್ಕಿತು: 12, 11, 10, 9, 8. ಚಿತ್ರದಲ್ಲಿ ಉಂಡೆಗಳ ಕೆಳಗೆ ಸಂಖ್ಯೆ ಬರೆಯಲು ಹುಡುಗನಿಗೆ ಹೇಳಿದ್ದು ಇದಕ್ಕೇ, ಇಲ್ಲದಿದ್ದರೆ "13ನೇ ಉಂಡೆ" ಯಾವುದು ಅಂತ ತೋರಿಸಲು ಆಗುವುದಿಲ್ಲ. ಹಾಗಾಗಿ ಈಗ ಪ್ರತಿ ಲೆಕ್ಕದ ಪೋಸ್ಟ್ ಬರೆಯುವಾಗಲೇ, ಮಕ್ಕಳು ಹೆಚ್ಚಾಗಿ ಹೇಳುವ ತಪ್ಪು ಉತ್ತರ ಯಾವುದು ಅಂತ ಯೋಚಿಸಿ, ಅದಕ್ಕೆ ಕುರ್ಲಿಯ ಉತ್ತರವನ್ನೂ ಅದೇ ಹಾಳೆಯಲ್ಲಿ ಬರೆದು ಅಕ್ಕನಿಗೆ ಕೊಡುತ್ತೇನೆ.

"ಅಲೆ ಬಂತು, ಹೋಗುತ್ತೇನೆ" ಅಂತ ಮುಗಿಸುವ ಸಾಲನ್ನು ಎಲ್ಲ ಪೋಸ್ಟಿಗೂ ಹಾಕಬೇಕು ಅಂತ ಅಕ್ಕನ ಆಸೆ. ನಾನು ಒಪ್ಪಿಲ್ಲ. ಪ್ರಶ್ನೆ ಕೇಳಿ ಓಡಿಹೋದರೆ ಉತ್ತರ ಯಾರು ಕೇಳುತ್ತಾರೆ? ಲೆಕ್ಕ ಬಿಡಿಸಿ ಆದ ಮೇಲಿನ ಪೋಸ್ಟಿಗೆ ಮಾತ್ರ ಅದು ಹೊಂದುತ್ತದೆ. ಸದ್ಯಕ್ಕೆ ಹಾಗೇ ಇಟ್ಟಿದ್ದೇವೆ.

ಅಕ್ಷರದ ಕಾರ್ಡಿನ ಪೋಸ್ಟುಗಳು ಇನ್ನೂ ಬಗೆಹರಿದಿಲ್ಲ. ಏಡಿಗೆ ಓದಲು ಬರುತ್ತದೋ ಇಲ್ಲವೋ ಅಂತ ಮೊದಲು ತೀರ್ಮಾನ ಆಗಬೇಕು. ನನ್ನ ಪ್ರಕಾರ ಬರಬಾರದು. ಮರಳಿನ ಮೇಲೆ ಯಾರೋ ಬರೆದು ಹೋದ "ಗ" ನೋಡಿ ಅದು "ಇದು ಯಾರ ಹೆಜ್ಜೆ?" ಅಂತ ಕೇಳಲಿ, ಅದು ಹೆಜ್ಜೆ ಅಲ್ಲ ಅಂತ ಮಗು ಹೇಳಲಿ. ಹುಡುಗ ಈ ವಾರ ಅದರ ಚಿತ್ರ ಕಳಿಸುತ್ತಾನೆ, ಆಮೇಲೆ ಕ ಮತ್ತು ಗ ಎರಡನ್ನೂ ಪಕ್ಕಪಕ್ಕ ಇಟ್ಟು ಮಾತು ಬರೆಯಬೇಕು.