ಮುಳ್ಳಿನ ಮೀಟರ್: ಒಂಬತ್ತು ಯೂನಿಟ್ಟಿನ ಎಡವಟ್ಟು

ನವೆಂಬರ್ 9

ತೀರ್ಥಹಳ್ಳಿ ಹತ್ತಿರದ ಚಿಕ್ಕಪ್ಪನ ಮನೆ ಅಟ್ಟದಲ್ಲಿ ಸಿಕ್ಕ ಹಳೇ ಮೀಟರನ್ನು ಎಲೆಕ್ಟ್ರಿಷಿಯನ್ ಕೈಲಿ ಅಡಿಕೆ ಸುಲಿಯುವ ಮಿಷನ್ನಿನ ಲೈನಿಗೆ ಹಾಕಿಸಿ ಆಯಿತು. ಬಿಲ್ಲಿನ ಮೀಟರ್ ಬೇರೆ ಇದೆ, ಇದು ಮನೆಲೆಕ್ಕಕ್ಕೆ. ಪಕ್ಕದ ಮನೆಯವರ ಅಡಿಕೆಯೂ ಇದೇ ಮಿಷನ್ನಿಗೆ ಬರುತ್ತದೆ, ಕರೆಂಟಿನ ಖರ್ಚು ಹಂಚಿಕೊಳ್ಳಬೇಕು.

ಇದರಲ್ಲಿ ಉರುಳುವ ಅಂಕಿಗಳಿಲ್ಲ. ಸಾಲಾಗಿ ನಾಲ್ಕು ಪುಟ್ಟ ಗಡಿಯಾರ: ಸಾವಿರ, ನೂರು, ಹತ್ತು, ಬಿಡಿ. ಒಂದೊಂದರಲ್ಲೂ 0ಯಿಂದ 9, ಒಂದು ಮುಳ್ಳು. ಐದನೆಯದು ಕೆಂಪು, ಅದು ಯೂನಿಟ್ಟಿನ ಹತ್ತನೇ ಒಂದು ಭಾಗ. ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಲ್ಲಿನ ಚಕ್ರಗಳು ಒಂದಕ್ಕೊಂದು ಕಚ್ಚಿಕೊಂಡಿರುವುದರಿಂದ ಅಕ್ಕಪಕ್ಕದ ಮುಳ್ಳುಗಳು ಎದುರುಬದುರು ತಿರುಗುತ್ತವೆ. ಇದರಲ್ಲಿ ಬಿಡಿ ಮತ್ತು ನೂರು ಗಡಿಯಾರದಂತೆ, ಹತ್ತು ಮತ್ತು ಸಾವಿರ ತಿರುವುಮುರುವು.

ಚಿಕ್ಕಪ್ಪ ಮೊಬೈಲಲ್ಲಿ ಫೋಟೋ ಕಳಿಸಿದರು. ನಾನು ಶಿವಮೊಗ್ಗದಲ್ಲಿ ಕೂತು 2794 ಎಂದು ಪುಸ್ತಕದಲ್ಲಿ ಬರೆದುಕೊಂಡೆ.

ನವೆಂಬರ್ 28

ಎರಡನೇ ಫೋಟೋ ಬಂತು, ಓದಿದರೆ 2803. ಕಳೆದರೆ 9. ಹತ್ತೊಂಬತ್ತು ದಿನಕ್ಕೆ ಒಂಬತ್ತೇ ಯೂನಿಟ್!

ಫೋನಲ್ಲಿ ಹೇಳಿದ್ದಕ್ಕೆ ಚಿಕ್ಕಪ್ಪ, "ಮಿಷನ್ ಏನು ಗಾಳಿಗೆ ತಿರುಗಿತೇನೋ ಮಾರಾಯ?" ಅಂದರು.

ಮೀಟರೇ ನಿಂತಿರಬಹುದು ಎಂದುಕೊಂಡು, ಮಿಷನ್ ಮಾತ್ರ ಓಡಿಸಿ ಒಳಗಿನ ಬಿಲ್ಲೆಯ ವಿಡಿಯೋ ಮಾಡಲು ಹೇಳಿದೆ. ಬಿಲ್ಲೆ ಚೆನ್ನಾಗಿಯೇ ತಿರುಗುತ್ತಿತ್ತು. ಮೀಟರಿನ ಮೇಲೆ ಒಂದು ಯೂನಿಟ್ಟಿಗೆ 600 ಸುತ್ತು ಎಂದು ಅಚ್ಚಾಗಿದೆ. ಬಿಲ್ಲೆಯ ಅಂಚಿನ ಕಪ್ಪು ಗುರುತು ಹಿಡಿದು ಎಣಿಸಿದರೆ 10 ಸುತ್ತಿಗೆ 58 ಸೆಕೆಂಡ್. ಗಂಟೆಗೆ ಸುಮಾರು 620 ಸುತ್ತು, ಅಂದರೆ ಒಂದು ಯೂನಿಟ್ಟಿಗಿಂತ ಚೂರು ಜಾಸ್ತಿ. ಒಂದು ಎಚ್‌ಪಿ ಮೋಟರಿಗೆ ಅದು ಸರಿಯೇ. ದಿನಕ್ಕೆ ಐದು ಗಂಟೆ ಸುಲಿದಿದ್ದರೂ 19 ದಿನಕ್ಕೆ 98 ಯೂನಿಟ್ ಆಗಬೇಕು. ಮೀಟರಿನದ್ದಲ್ಲ, ತಪ್ಪು ನನ್ನ ಓದಿನದ್ದು.

ಮೊದಲ ಫೋಟೋ ದೊಡ್ಡದು ಮಾಡಿ ಬಲದಿಂದ ಓದಿದೆ. ಬಿಡಿಯ ಮುಳ್ಳು 4 ದಾಟಿದೆ, ಹಾಗಾಗಿ 4. ಹತ್ತರದ್ದು 9 ಮತ್ತು 0 ನಡುವೆ. ಇಲ್ಲಿ 0 ಅಂದರೆ ಹತ್ತು, ಮುಳ್ಳು ಇನ್ನೂ ಅಲ್ಲಿಗೆ ಮುಟ್ಟಿಲ್ಲ, ಹಾಗಾಗಿ 9. ನೂರರದ್ದು ಸರಿಯಾಗಿ 7ರ ಮೇಲೆ ಕೂತಂತೆ ಕಾಣುತ್ತದೆ. ನಾನು ಬಿದ್ದದ್ದು ಇಲ್ಲೇ. ನೂರರ ಮುಳ್ಳು ನಿಜಕ್ಕೂ 7 ಮುಟ್ಟಿದ್ದರೆ ಹತ್ತರ ಮುಳ್ಳು ಆಗಲೇ ಒಂದು ಪೂರ್ತಿ ಸುತ್ತು ಮುಗಿಸಿ 0 ದಾಟಿರಬೇಕು. ಅದಿನ್ನೂ 9ರ ಮನೆಯಲ್ಲೇ ಇದೆ. ಹಾಗಾದರೆ ನೂರು ಇನ್ನೂ 6. ಸಾವಿರ 2 ಮತ್ತು 3ರ ನಡುವೆ, ಅದು 2.

2694. ಈಗ 2803ರಿಂದ ಕಳೆದರೆ 109. ಮೋಟರಿನ 98 ಬಿಟ್ಟರೆ ಉಳಿದದ್ದು ಅದೇ ಲೈನಿನಲ್ಲಿ ರಾತ್ರಿಯಿಡೀ ಉರಿಯುವ ಅಂಗಳದ ದೀಪದ್ದು ಇರಬೇಕು.

ಎರಡನೇ ಫೋಟೋದಲ್ಲೂ ನೂರರ ಮುಳ್ಳು ಹೀಗೇ 8ರ ಮೇಲೆ ಕೂತಿದೆ, ಆದರೆ ಅಲ್ಲಿ ಹತ್ತರದ್ದು 0 ದಾಟಿ ಸ್ವಲ್ಪ ಮುಂದಿದೆ. ಹಾಗಾಗಿ ಅದು 8ನೇ. ಎರಡರಲ್ಲೂ ಮುಳ್ಳಿನ ಭಂಗಿ ಒಂದೇ, ತೀರ್ಪು ಹೇಳುವುದು ಪಕ್ಕದ ಗಡಿಯಾರ.

ನವೆಂಬರ್ 30

ಇನ್ನೊಂದು ಕಾರಣವೂ ಸಿಕ್ಕಿತು. ಮೀಟರ್ ಎತ್ತರದಲ್ಲಿದೆ, ಚಿಕ್ಕಪ್ಪ ನೆಲದ ಮೇಲೆ ನಿಂತು ಕೈ ಎತ್ತಿ ತೆಗೆಯುತ್ತಾರೆ. ಮುಳ್ಳು ಹಲಗೆಗೆ ಅಂಟಿಲ್ಲ, ತುಸು ಮುಂದಿದೆ. ಕೆಳಗಿಂದ ನೋಡಿದರೆ ಅಂಕಿಗಳಿಗಿಂತ ಮೇಲೆ ಸರಿದಂತೆ ಕಾಣುತ್ತದೆ. ನೂರರ ಗಡಿಯಾರದಲ್ಲಿ 7 ಎಡಕ್ಕಿದೆ, ಅಲ್ಲಿ ಮೇಲೆ ಸರಿದರೆ ಮುಂದೆ ಹೋದಂತೆಯೇ. ಪತ್ತೆಹಚ್ಚುವುದು ಸುಲಭ: ಮುಳ್ಳಿನ ಮೊಳೆ ವೃತ್ತದ ನಡುವೆ ಇಲ್ಲದೆ ಮೇಲಕ್ಕೆ ಕಂಡರೆ ಫೋಟೋ ಓರೆ. ಸ್ಟೂಲ್ ಹತ್ತಿ, ಫ್ಲ್ಯಾಶ್ ಆರಿಸಿ ತೆಗೆಯಿರಿ ಅಂದೆ. ಹೋದಸಲ ಗಾಜಿನ ಹೊಳಪಿಗೆ ಕೆಂಪು ಗಡಿಯಾರ ಪೂರ್ತಿ ಮುಚ್ಚಿಹೋಗಿತ್ತು, ಪುಣ್ಯಕ್ಕೆ ಅದು ಬೇಕಿರಲಿಲ್ಲ.

ಡಿಸೆಂಬರ್ 31

ಸ್ಟೂಲ್ ಹತ್ತಿ ತೆಗೆದ ಫೋಟೋ. ನೆಟ್ಟಗಿದೆ, ಆದರೂ ಎಂಥ ಕಾಟ ನೋಡಿ: ಸಾವಿರ 3ರ ಮೇಲೆ, ನೂರು 0ಯ ಮೇಲೆ, ಹತ್ತು 0ಗೆ ಹತ್ತಿರ, ಬಿಡಿ 6 ದಾಟಿದೆ. ಎಡದಿಂದ ಕಂಡಂತೆ ಓದಿದರೆ 3006 ಎಂದು ಬರೆದುಬಿಡುತ್ತಿದ್ದೆ.

ಬಲದಿಂದ: 6. ಹತ್ತರದ್ದು 0 ಮುಟ್ಟಿಲ್ಲ, 9. ಹತ್ತು 9ರಲ್ಲಿದ್ದ ಮೇಲೆ ನೂರು 0 ಆಗಲಾರದು, 9. ನೂರು 9ರಲ್ಲಿದ್ದ ಮೇಲೆ ಸಾವಿರ 3 ಆಗಲಾರದು, 2. ಒಟ್ಟು 2996.

2996ರಿಂದ 2803 ಕಳೆದರೆ 193, 33 ದಿನಕ್ಕೆ. ದಿನಕ್ಕೆ 5.8. ಹಿಂದಿನ ಸಲ 5.7 ಇತ್ತು. ಪಕ್ಕದ ಮನೆಯವರಿಗೆ ಲೆಕ್ಕ ಕಳಿಸಿದ್ದೇನೆ.