ವ್ಯಾಕ್ಯೂಮ್ ಪ್ರಶ್ನೆಗೆ ಸಿಕ್ಕಿಕೊಂಡ ದಿನ

ನನ್ನ ರೆಸ್ಯೂಮೆಯಲ್ಲಿ ಡೇಟಾಬೇಸ್ ಅಂತ ಇದ್ದದ್ದು ಮೈಎಸ್‌ಕ್ಯೂಎಲ್ ಒಂದೇ. ಇಂಟರ್‌ವ್ಯೂಗೆ ಕರೆದ ಕಂಪನಿಯವರು ಬಳಸುತ್ತಿದ್ದದ್ದು ಪೋಸ್ಟ್‌ಗ್ರೆಸ್. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಹಾಗಾಗಿ ಆ ಕಡೆಯಿಂದ ಏನೋ ಒಂದು ಬರುತ್ತೆ ಅಂತ ಕಾಯುತ್ತಲೇ ಇದ್ದೆ.

ಟೆಕ್ನಿಕಲ್ ರೌಂಡ್ ವಿಡಿಯೋ ಕಾಲ್‌ನಲ್ಲಿ. ಎದುರಿಗಿದ್ದವರು ಒಬ್ಬ ಸೀನಿಯರ್ ಎಂಜಿನಿಯರ್. ಊರು ಕೇಳಿದರು, ಹಾಸನ ಅಂದೆ, ಅಲ್ಲಿಂದಾಚೆ ಅರ್ಧ ಇಂಗ್ಲಿಷು ಅರ್ಧ ಕನ್ನಡ. ಎಪಿಐ, ಇಂಡೆಕ್ಸ್ ಅಂತ ಶುರುವಾದ ಪ್ರಶ್ನೆಗಳು ಸಲೀಸಾಗಿ ದಾಟಿದವು. ಆಮೇಲೆ ಇದು ಬಂತು:

"ಒಂದು ಟೇಬಲ್ ಇದೆ. ದಿನಾ ಲಕ್ಷಗಟ್ಟಲೆ ರೋ ಡಿಲೀಟ್ ಆಗುತ್ತೆ. ಆಟೋವ್ಯಾಕ್ಯೂಮ್ ಓಡ್ತಾನೂ ಇದೆ, ಮುಗೀತಾನೂ ಇದೆ. ಆದ್ರೂ `n_dead_tup` ಇಳೀತಿಲ್ಲ. ಯಾಕಿರಬಹುದು?"

`n_dead_tup` ಅನ್ನೋ ಹೆಸರನ್ನು ನಾನು ಎಲ್ಲೂ ನೋಡಿರಲಿಲ್ಲ. ಆಟೋವ್ಯಾಕ್ಯೂಮ್ ಅನ್ನೋದನ್ನು ಮಾತ್ರ ಯಾರದೋ ಟಾಕ್‌ನಲ್ಲಿ ಕೇಳಿದ್ದೆ. ಅದು ನಿಧಾನ ಆಗುತ್ತೆ, `autovacuum_vacuum_cost_limit` ಜಾಸ್ತಿ ಮಾಡಬೇಕು ಅಂತೇನೋ ಹೇಳಿದ್ದರು. ಆ ಮಾತು ನಾಲಿಗೆ ತುದಿಗೆ ಬಂದೇಬಿಟ್ಟಿತ್ತು. ಕೇಳೋಕೆ ಗಟ್ಟಿಯಾಗೇ ಇದೆ, ಅಲ್ವಾ? ಆದರೆ ನಾನೂ ಆಫೀಸಿನಲ್ಲಿ ಇಂಟರ್‌ವ್ಯೂ ಮಾಡುತ್ತೇನೆ. ಇಂಥ ಉತ್ತರ ಬಂದಾಗ ಏನು ಕೇಳುತ್ತೇನೆ ಅಂತ ನನಗೇ ಗೊತ್ತು: "ಯಾಕೆ?" ಅವರು ಆಗಲೇ ಹೇಳಿದ್ದಾರೆ, ವ್ಯಾಕ್ಯೂಮ್ ಮುಗೀತಾ ಇದೆ ಅಂತ. ಮುಗೀತಾ ಇರೋದರ ವೇಗ ಜಾಸ್ತಿ ಮಾಡಿದರೆ ಏನು ಬಂತು? ಕೇಳಿದ ಮಾತನ್ನು ಹಾಗೇ ಒಪ್ಪಿಸುವವರು ಸಿಕ್ಕಿಬೀಳೋದು ಮೊದಲನೇ ಉತ್ತರದಲ್ಲಲ್ಲ, ಈ ಎರಡನೇ "ಯಾಕೆ"ಯಲ್ಲಿ.

ಹಾಗಾಗಿ ಹೀಗೆ ಹೇಳಿದೆ: "ಸರ್, ಪೋಸ್ಟ್‌ಗ್ರೆಸ್ ನಾನು ಪ್ರೊಡಕ್ಷನ್‌ನಲ್ಲಿ ನಡೆಸಿಲ್ಲ. ಈ ಕಾಲಂ ಏನು ಅಂತ ಗೊತ್ತಿಲ್ಲ, ಹೆಸರಿನಿಂದ ಊಹೆ ಮಾಡಬಹುದು ಅಷ್ಟೇ. ಆದ್ರೆ ಮೈಎಸ್‌ಕ್ಯೂಎಲ್‌ನ ಸ್ಟೋರೇಜ್ ಎಂಜಿನ್ ಇನ್ನೋಡಿಬಿಯಲ್ಲಿ ಡಿಲೀಟ್ ಆದ ಮೇಲೆ ಏನಾಗುತ್ತೆ ಅಂತ ಗೊತ್ತು. ಅಲ್ಲಿಂದ ಹೊರಟು ಯೋಚನೆ ಮಾಡ್ಲಾ? ಎಲ್ಲಿ ಊಹೆ ಮಾಡ್ತಿದ್ದೀನಿ ಅಂತ ಹೇಳ್ತಾ ಹೋಗ್ತೀನಿ."

ಬರೀ "ಗೊತ್ತಿಲ್ಲ" ಅಂದು ಸುಮ್ಮನಾಗಿದ್ದರೆ ಅವರು ಮುಂದಿನ ಪ್ರಶ್ನೆಗೆ ಹೋಗುತ್ತಿದ್ದರು. ಆಗ ಅವರಿಗೆ ನನ್ನ ಬಗ್ಗೆ ತಿಳಿಯೋದು ಒಂದು ಸೊನ್ನೆ ಮಾತ್ರ. "ಹೇಳಿ ಹೇಳಿ" ಅಂದರು.

ಗೊತ್ತಿದ್ದದ್ದರಿಂದ ಶುರು ಮಾಡಿದೆ. ಇನ್ನೋಡಿಬಿಯಲ್ಲಿ ಒಂದು ರೋ ಡಿಲೀಟ್ ಮಾಡಿದರೆ ಅದು ತಕ್ಷಣ ಹೋಗುವುದಿಲ್ಲ. ಡಿಲೀಟ್ ಆಗಿದೆ ಅಂತ ಗುರುತು ಬೀಳುತ್ತೆ. ನಮಗಿಂತ ಮೊದಲೇ ಓದಲು ಶುರು ಮಾಡಿದ ಇನ್ನೊಂದು ಟ್ರಾನ್ಸಾಕ್ಷನ್‌ಗೆ ಆ ರೋ ಇನ್ನೂ ಕಾಣಬೇಕು, ಅದಕ್ಕೆ. ಹಳೇ ವರ್ಷನ್ ಬೇಕಾದವರಿಗೆ ಅಂಡೂ ಲಾಗ್‌ನಿಂದ ಸಿಗುತ್ತೆ. ಯಾರಿಗೂ ಬೇಡ ಅಂತಾದ ಮೇಲೆ ಪರ್ಜ್ ಥ್ರೆಡ್ ಬಂದು ತೆಗೆದುಹಾಕುತ್ತೆ.

"ಇನ್ನು ಊಹೆ," ಅಂದೆ. "ಪೋಸ್ಟ್‌ಗ್ರೆಸ್‌ನಲ್ಲೂ ಓದೋರು ಬರೆಯೋರಿಗೆ ಕಾಯಲ್ಲ ಅಂತಾದ್ರೆ, ಅಲ್ಲೂ ಹಳೇ ವರ್ಷನ್ ಎಲ್ಲೋ ಉಳೀಬೇಕು. ಆ ಕಾಲಂ ಹೆಸರಿನಲ್ಲಿರೋ ಡೆಡ್ ಟಪಲ್ ಅಂದ್ರೆ ಅದೇ ಇರಬೇಕು. ಪರ್ಜ್ ಮಾಡೋ ಕೆಲಸಾನ ಅಲ್ಲಿ ವ್ಯಾಕ್ಯೂಮ್ ಮಾಡುತ್ತೆ ಅನ್ಸುತ್ತೆ. ಅದು ಬಂದೂ ತೆಗೀತಿಲ್ಲ ಅಂದ್ರೆ, ತೆಗೆಯೋ ಹಾಗಿಲ್ಲ ಅಂತ ಅರ್ಥ. ಯಾವುದೋ ಹಳೇ ಟ್ರಾನ್ಸಾಕ್ಷನ್ ಮುಚ್ಚದೆ ಹಾಗೇ ನಿಂತಿರಬಹುದು."

ತಲೆ ಅಲ್ಲಾಡಿಸಿದರು. ಹಳೇ ವರ್ಷನ್ ಅಲ್ಲಿ ಟೇಬಲ್ ಒಳಗೇ ಕೂತಿರುತ್ತೆ, ಪ್ರತ್ಯೇಕ ಅಂಡೂ ಲಾಗ್ ಇಲ್ಲ ಅಂತ ಒಂದು ಮಾತು ಸೇರಿಸಿದರು. ತೆರೆದ ಟ್ರಾನ್ಸಾಕ್ಷನ್‌ಗಳನ್ನು `pg_stat_activity` ನೋಡಿ ಹಿಡಿಯಬಹುದು ಅಂತಲೂ ಹೇಳಿದರು. ನನಗೆ ಸ್ವಲ್ಪ ಉಸಿರು ಬಂತು. ಅಷ್ಟರಲ್ಲಿ, "ಸರಿ, ಅಲ್ಲಿ ನೋಡಿದ್ವಿ. ಹಳೇದು ಯಾವುದೂ ಇಲ್ಲ. ಈಗ?"

ಇಲ್ಲಿಗೆ ನನ್ನ ಸರಕು ಮುಗಿದಿತ್ತು. ಒಂದು ಸಲ ಊಹೆ ಸರಿಯಾಯ್ತು ಅಂತ ಎರಡನೇ ಸಲವೂ ಓಡಿಸೋಣ ಅನ್ನಿಸುತ್ತೆ. ಮೊದಲನೇದಕ್ಕಿಂತ ಈ ಆಸೆಯೇ ಹೆಚ್ಚು ಅಪಾಯದ್ದು. "ಇನ್ನೂ ಯಾರಿಗೋ ಆ ಹಳೇ ರೋಗಳು ಬೇಕಾಗಿವೆ ಅಂತಷ್ಟೇ ಹೇಳಬಲ್ಲೆ ಸರ್. ಆ 'ಯಾರೋ' ಯಾರು ಅಂತ ಗೊತ್ತಿಲ್ಲ," ಅಂದು ನಿಲ್ಲಿಸಿದೆ. ತೆರೆಯ ಮೇಲೆ ಅವರು ಏನೋ ಟೈಪ್ ಮಾಡಿಕೊಂಡರು. ಆ ಮೌನ ತುಂಬಲು ಬಾಯಿ ತುರಿಸುತ್ತಿತ್ತು, ತಡೆದುಕೊಂಡೆ.

ಅವರೇ ಹೇಳಿದರು. ಯಾರೂ ಓದದೆ ಬಿಟ್ಟ ರೆಪ್ಲಿಕೇಷನ್ ಸ್ಲಾಟ್ ಇರಬಹುದು. ಕಮಿಟ್ ಮಾಡದೆ ಮರೆತ ಪ್ರಿಪೇರ್ಡ್ ಟ್ರಾನ್ಸಾಕ್ಷನ್ ಇರಬಹುದು. ಇಲ್ಲವೇ ರೆಪ್ಲಿಕಾ ಮೇಲೆ ಓಡುತ್ತಿರುವ ಉದ್ದದ ಕ್ವೆರಿ ಇರಬಹುದು. ಕೊನೇದು ನನಗೆ ವಿಚಿತ್ರ ಅನ್ನಿಸಿತು. "ರೆಪ್ಲಿಕಾದಲ್ಲಿ ಯಾರು ಏನು ಓದ್ತಿದ್ದಾರೆ ಅಂತ ಪ್ರೈಮರಿಗೆ ಹೇಗೆ ಗೊತ್ತಾಗುತ್ತೆ?" ಅಂತ ಕೇಳಿದೆ. `hot_standby_feedback` ಆನ್ ಆಗಿದ್ದರೆ ರೆಪ್ಲಿಕಾ ತನಗೆ ಎಷ್ಟು ಹಳೇದು ಬೇಕು ಅಂತ ಪ್ರೈಮರಿಗೆ ತಿಳಿಸುತ್ತಿರುತ್ತೆ, ಆಫ್ ಆಗಿದ್ದರೆ ರೆಪ್ಲಿಕಾದ ಕ್ವೆರಿಯೇ ಮಧ್ಯದಲ್ಲಿ ರದ್ದಾಗಬಹುದು ಅಂದರು. ಪರೀಕ್ಷೆ ಹೋಗಿ ಹರಟೆ ಆಗಿತ್ತು ಆಗ.

ಮುಂದಿನ ಪ್ರಶ್ನೆ ಡೆಡ್‌ಲಾಕ್ ಬಗ್ಗೆ. ಅದು ನನ್ನ ಅಂಗಳ. ಆದರೂ ತಲೆ ಇನ್ನೂ ಸ್ಲಾಟ್, ರೆಪ್ಲಿಕಾ ಅಂತಲೇ ಸುತ್ತುತ್ತಿತ್ತು. "ಅರ್ಧ ನಿಮಿಷ ಕೊಡಿ" ಅಂತ ಕೇಳಿ, ಹಾಳೆಯ ಮೇಲೆ ಎರಡು ಟ್ರಾನ್ಸಾಕ್ಷನ್ ಬರೆದುಕೊಂಡೆ. ಒಂದು ಮೊದಲು ಎ ಆಮೇಲೆ ಬಿ ರೋ ಅಪ್‌ಡೇಟ್ ಮಾಡುತ್ತೆ, ಇನ್ನೊಂದು ಉಲ್ಟಾ. ಕೈ ಬರೆಯೋಕೆ ಶುರುವಾದ ಮೇಲೆ ಹಿಂದಿನದು ತಾನಾಗೇ ಹೋಯ್ತು. ಆ ಉತ್ತರ ಚೆನ್ನಾಗೇ ಬಂತು.

ಅವತ್ತು ರಾತ್ರಿ ಲ್ಯಾಪ್‌ಟಾಪ್‌ಗೆ ಪೋಸ್ಟ್‌ಗ್ರೆಸ್ ಹಾಕಿ ಎರಡು ಟರ್ಮಿನಲ್ ತೆರೆದೆ. ಒಂದರಲ್ಲಿ ಬರೀ `BEGIN` ಕೊಟ್ಟು `SELECT` ಮಾಡಿ ಬಿಟ್ಟೆ. ಇನ್ನೊಂದರಲ್ಲಿ ಅರ್ಧ ರೋ ಡಿಲೀಟ್ ಮಾಡಿ ವ್ಯಾಕ್ಯೂಮ್ ಓಡಿಸಿದೆ. ಎಲ್ಲಾ ಕ್ಲೀನ್! ನಾನು ಅಷ್ಟು ಗಟ್ಟಿಯಾಗಿ ಹೇಳಿದ್ದು ಸುಳ್ಳಾ ಅಂತ ಗಾಬರಿ. ಸ್ವಲ್ಪ ಓದಿದ ಮೇಲೆ ತಿಳಿಯಿತು. ಪೋಸ್ಟ್‌ಗ್ರೆಸ್‌ನ ಡಿಫಾಲ್ಟ್ ಐಸೊಲೇಷನ್ ಲೆವೆಲ್ ರೀಡ್ ಕಮಿಟೆಡ್. ಅದರಲ್ಲಿ ಬರೀ ಓದಿದ ಟ್ರಾನ್ಸಾಕ್ಷನ್, ಸ್ಟೇಟ್‌ಮೆಂಟ್ ಮುಗಿದ ಕೂಡಲೇ ಸ್ನ್ಯಾಪ್‌ಶಾಟ್ ಬಿಟ್ಟುಬಿಡುತ್ತೆ. ಏನಾದರೂ ಬರೆದಿದ್ದರೆ ಮಾತ್ರ ಸುಮ್ಮನೆ ನಿಂತರೂ ಅಡ್ಡ ಆಗುತ್ತೆ. ಹೊಸ ಟೇಬಲ್ ಮಾಡಿಕೊಂಡು, ಈ ಸಲ ಮೊದಲನೇ ಟರ್ಮಿನಲ್‌ನಲ್ಲಿ ಹೀಗೆ ಕೊಟ್ಟೆ:

```
BEGIN ISOLATION LEVEL REPEATABLE READ;
SELECT count(*) FROM t;
```

ಎರಡನೇದರಲ್ಲಿ ಹೀಗೆ:

```
DELETE FROM t WHERE id % 2 = 0;
VACUUM VERBOSE t;
```

ಈಗ ಬಂತು ನೋಡಿ, `are dead but not yet removable`. ಮೊದಲನೇ ಟರ್ಮಿನಲ್‌ನಲ್ಲಿ `COMMIT` ಕೊಟ್ಟು ಮತ್ತೆ ವ್ಯಾಕ್ಯೂಮ್ ಓಡಿಸಿದರೆ ಅಷ್ಟೂ ಹೋದವು.

ರೀಡ್ ಕಮಿಟೆಡ್‌ನ ಈ ವಿಷಯವನ್ನು ಅವರಿಗೆ ಕಳಿಸಿದ ಥ್ಯಾಂಕ್ಸ್ ಮೇಲ್‌ನಲ್ಲಿ ಒಂದೆರಡು ಸಾಲು ಬರೆದೆ. ಮುಂದಿನ ರೌಂಡ್‌ಗೆ ಕರೆ ಬಂತು. ಅದಕ್ಕೂ ಮೇಲ್‌ಗೂ ಸಂಬಂಧ ಇತ್ತೋ ಇಲ್ಲವೋ.

ಮೈಎಸ್‌ಕ್ಯೂಎಲ್‌ನಲ್ಲಿ ಡಿಫಾಲ್ಟೇ ರಿಪೀಟಬಲ್ ರೀಡ್. ಅಂದರೆ ಅಲ್ಲಿ ಬರೀ ಓದಿ ಮುಚ್ಚದೆ ಬಿಟ್ಟರೂ ಪರ್ಜ್ ನಿಲ್ಲಬೇಕು. ಮಾರನೇ ದಿನ ಆಫೀಸಿನಲ್ಲಿ ನಮ್ಮದೇ ಸರ್ವರ್ ಮೇಲೆ `SHOW ENGINE INNODB STATUS` ಕೊಟ್ಟು ಪರ್ಜ್ ಆಗದೆ ಉಳಿದದ್ದರ ಲೆಕ್ಕ ಕೊಡುವ `History list length` ನೋಡಿದೆ. ಏರುತ್ತಲೇ ಇತ್ತು. ನಮ್ಮ ರಿಪೋರ್ಟ್ ಜಾಬ್ ಬೆಳಗ್ಗೆ ಟ್ರಾನ್ಸಾಕ್ಷನ್ ತೆರೆದು, ಎಲ್ಲರಿಗೂ ಮೇಲ್ ಹೋಗಿ ಮುಗಿಯೋ ತನಕ ಹಿಡಿದುಕೊಂಡೇ ಕೂತಿರುತ್ತಿತ್ತು. ಕಮಿಟ್‌ನ ಸಾಲನ್ನು ಮೇಲ್ ಕಳಿಸೋ ಲೂಪ್‌ಗಿಂತ ಮೇಲೆ ತಂದಿಟ್ಟು, ರಿವ್ಯೂಗೆ ಹಾಕಿದೆ.