‘ಮತ್ತೆ’ ಅಂದರೆ ಪುನಃ ಅಲ್ಲ

ನಾನು ಕಾಸರಗೋಡಿನ ಒಂದು ಸಣ್ಣ ಕೃಷಿ ಮಾಸಪತ್ರಿಕೆಯಲ್ಲಿ ಕೆಲಸ ಮಾಡುತ್ತೇನೆ. ಓದುಗರು ವಾಟ್ಸಾಪಿನಲ್ಲಿ ಕಳಿಸುವ ಅನುಭವಗಳನ್ನು ತಿದ್ದಿ ಪುಟಕ್ಕೆ ಹಾಕುವುದು ನನ್ನ ಪಾಲಿನ ಕೆಲಸ. ಬರೆಯುವವರು ಕುಂಬಳೆ, ಬದಿಯಡ್ಕ, ಮುಳ್ಳೇರಿಯದವರು. ಓದುವವರಲ್ಲಿ ಶಿವಮೊಗ್ಗ, ಶಿರಸಿಯ ಅಡಿಕೆ ಬೆಳೆಗಾರರೂ ಇದ್ದಾರೆ. ನಮ್ಮೂರ ಮಾತನ್ನು ಹಾಗೇ ಹಾಕಿದರೆ ಅಲ್ಲಿಯವರಿಗೆ ಕೆಲವು ಕಡೆ ಅರ್ಥವೇ ಬೇರೆಯಾಗುತ್ತದೆ. ಜಾಸ್ತಿ ತಿದ್ದಿದರೆ ಬರೆದವರ ದನಿಯೇ ಇರುವುದಿಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನು ಒಂದೇ ಬರಹದಲ್ಲಿ ಈ ಎರಡು ತಪ್ಪನ್ನೂ ಮಾಡಿದೆ.

ಬದಿಯಡ್ಕದ ಹತ್ತಿರದ ಹಿರಿಯ ಕೃಷಿಕರೊಬ್ಬರು ಕಳಿಸಿದ ಮೆಸೇಜು ಇದು. ನಾನು ಅವರನ್ನು ಮಾವ ಅಂತಲೇ ಕರೆಯುವುದು.

“ನಮ್ಮ ತೋಡಿಗೆ ಈ ಸಲ ಕಟ್ಟ ಹಾಕಿ ಆಯ್ತು. ಡಿಸೆಂಬರ್ ಸುರುವಿಗೇ ಹಾಕುವ ಅಂತ ಹೇಳಿದ್ದು ನಾನು. ಆದ್ರೆ ಜನ ಸಿಗ್ಲಿಲ್ಲ ಮಾರಾಯ್ರೆ. ಮತ್ತೆ ತೊಯಿಲುರಪ್ಪಿನವರು ಬಂದ್ರು, ಎರಡೇ ದಿವಸದಲ್ಲಿ ಮುಗೀತು. ಈಗ ನೀರು ನಿಂತದ್ದು ನೋಡ್ಲಿಕ್ಕೆ ಎಂತ ಚೆಂದ! ಕೆಳಗಿನ ಬಾವಿಯಲ್ಲಿ ಎರಡು ಕೋಲು ನೀರು ಏರಿದೆ. ಇನ್ನು ಮೇಲಿನ ಕಟ್ಟಕ್ಕೆ ಮಣ್ಣು ಹಾಕ್ಲಿಕ್ಕುಂಟು. ಇನ್ನು ಮಳೆ ಬರ್ಲಿಕ್ಕಿಲ್ಲ.”

ನಾನು ತಿದ್ದಿ ಅಚ್ಚಿಗೆ ಕಳಿಸಿದ್ದು ಹೀಗಿತ್ತು: “ನಮ್ಮ ಹಳ್ಳಕ್ಕೆ ಈ ಬಾರಿ ಅಣೆಕಟ್ಟು ನಿರ್ಮಿಸಲಾಗಿದೆ. ಡಿಸೆಂಬರ್ ಆರಂಭದಲ್ಲೇ ನಿರ್ಮಿಸಬೇಕೆಂದು ಹೇಳಿದವನು ನಾನು. ಆದರೆ ಕಾರ್ಮಿಕರ ಕೊರತೆ ಎದುರಾಯಿತು. ಪುನಃ ಉದ್ಯೋಗ ಖಾತರಿ ಕಾರ್ಮಿಕರು ಆಗಮಿಸಿ ಎರಡು ದಿನಗಳಲ್ಲಿ ಕಾಮಗಾರಿ ಪೂರ್ಣಗೊಳಿಸಿದರು. ನಿಂತ ನೀರು ನೋಡಲು ಬಹಳ ಸುಂದರವಾಗಿದೆ. ಬಾವಿಯ ನೀರಿನ ಮಟ್ಟ ಏರಿದೆ. ಮೇಲಿನ ಅಣೆಕಟ್ಟಿಗೆ ಮಣ್ಣು ಹಾಕಲು ಅವಕಾಶವಿದೆ. ಇನ್ನು ಮಳೆ ಬರುವುದಿಲ್ಲ.”

ಪತ್ರಿಕೆ ಕೈಗೆ ಸಿಕ್ಕಿದ ದಿನವೇ ಮಾವ ಫೋನು ಮಾಡಿದರು. “ಪುನಃ ಬಂದ್ರು ಅಂತ ಹಾಕಿದ್ದೀರಲ್ಲ, ಮೊದಲು ಹಾಕಿದ ಕಟ್ಟ ಒಡೆದು ಹೋಯ್ತಾ ಅಂತ ಎಲ್ಲರೂ ಕೇಳ್ತಾರೆ ಮಾರಾಯ್ರೆ!” ಆಮೇಲೆ ದನಿ ತಗ್ಗಿಸಿ, “ಹೇಳಿದವನು ನಾನು ಅಂತ ದೊಡ್ಡಸ್ತಿಕೆ ಯಾಕೆ ಹಾಕಿದ್ರಿ? ಎಲ್ಲರೂ ಸೇರಿಯೇ ಮಾತಾಡಿದ್ದು” ಅಂದರು. ಅವರಿಗೆ ಬೇಜಾರಾಗಿತ್ತು, ನನಗೆ ನಾಚಿಕೆಯಾಯಿತು. ನಾನೂ ಇದೇ ಊರಿನವನು, ಮನೆಯಲ್ಲಿ ಇದೇ ಮಾತಾಡುವವನು. ಪೆನ್ನು ಹಿಡಿದ ಕೂಡಲೇ ಅದನ್ನು ಪಠ್ಯಪುಸ್ತಕದ ಕಿವಿಯಲ್ಲಿ ಕೇಳಿದ್ದೆ.

ನಮ್ಮ ಕಡೆ ‘ಮತ್ತೆ’ ಅಂದರೆ ಹೆಚ್ಚಾಗಿ ಆಮೇಲೆ ಅಂತ ಅರ್ಥ. ‘ಊಟ ಆದ ಮತ್ತೆ ಬರ್ತೇನೆ’ ಅಂತೇವೆ. ಬೇರೆ ಕಡೆಯವರು ಅದನ್ನು ಇನ್ನೊಮ್ಮೆ ಅಂತ ಓದುತ್ತಾರೆ. ಹಾಗೇ ಬಿಟ್ಟಿದ್ದರೂ ಶಿರಸಿಯವರಿಗೆ ಗೊಂದಲ ಆಗುತ್ತಿತ್ತು. ‘ಪುನಃ’ ಮಾಡಿ ನಾನು ಆ ಗೊಂದಲವನ್ನು ಗಟ್ಟಿ ಮಾಡಿಬಿಟ್ಟೆ. ‘ಹೇಳಿದ್ದು ನಾನು’ ಕೂಡ ಹಾಗೆಯೇ. ನಮ್ಮಲ್ಲಿ ‘ನಿನ್ನೆ ಹೋದದ್ದು ನಾನು’ ಅಂದರೆ ಸುಮ್ನೆ ನಿನ್ನೆ ಹೋಗಿದ್ದೆ ಅಂತ. ಬರಹದಲ್ಲಿ ಅದೇ ಮಾತು, ಬೇರೆ ಯಾರೂ ಅಲ್ಲ, ನಾನೇ ಅನ್ನುವ ಒತ್ತು ಪಡೆಯುತ್ತದೆ. ‘ಹಾಕುವ’ ಕೂಡ ಹೊರಗಿನವರಿಗೆ ಅರ್ಧ ಮಾತಿನಂತೆ ಕಾಣುತ್ತದೆ. ಹಾಕುವ ಏನು ಅಂತ ಮುಂದೆ ಹುಡುಕುತ್ತಾರೆ. ಅದು ‘ಹಾಕೋಣ’. ಇಂಥ ಮಾತುಗಳನ್ನು ಬದಲಿಸಲೇಬೇಕು. ಆದರೆ ಬದಲಿಸುವ ಮೊದಲು ಅವರ ಬಾಯಲ್ಲಿ ಅದರ ಅರ್ಥ ಏನು ಅಂತ ಗೊತ್ತಿರಬೇಕು.

ಕಷ್ಟದ್ದು ‘ಲಿಕ್ಕೆ’. ‘ಮಣ್ಣು ಹಾಕ್ಲಿಕ್ಕುಂಟು’ ಅಂದರೆ ಅವಕಾಶ ಇದೆ ಅಂತಲ್ಲ, ಕೆಲಸ ಬಾಕಿ ಇದೆ ಅಂತ. ಹಾಗಾಗಿ ‘ಹಾಕಬೇಕಿದೆ’ ಆಗಬೇಕು. ‘ಲಿಕ್ಕಿಲ್ಲ’ಕ್ಕೆ ಎರಡು ದಾರಿ. ‘ಇಲ್ಲಿ ವಾಹನ ನಿಲ್ಲಿಸ್ಲಿಕ್ಕಿಲ್ಲ’ ಅಂದರೆ ನಿಲ್ಲಿಸಬಾರದು. ‘ಮಳೆ ಬರ್ಲಿಕ್ಕಿಲ್ಲ’ ಅಂದರೆ ಬಹುಶಃ ಬರುವುದಿಲ್ಲ. ಮಳೆಗೆ ಯಾರೂ ಬರಬೇಡ ಅನ್ನುವುದಿಲ್ಲವಲ್ಲ, ಹಾಗಾಗಿ ಇಲ್ಲಿ ಅಂದಾಜೇ. ನಾನು ‘ಬರುವುದಿಲ್ಲ’ ಮಾಡಿ ಅವರ ಅಂದಾಜನ್ನು ಭವಿಷ್ಯ ಹೇಳಿದ ಹಾಗೆ ಮಾಡಿದ್ದೆ. ‘ಬರಲಿಕ್ಕಿಲ್ಲ’ ಅಂತ ಅಕ್ಷರ ಬಿಡಿಸಿ ಬರೆದಿದ್ದರೆ ಸಾಕಿತ್ತು, ಅದು ಎಲ್ಲ ಕಡೆಯವರಿಗೂ ಗೊತ್ತಾಗುವ ಕನ್ನಡ. ‘ನೋಡಲಿಕ್ಕೆ’ಯೂ ಹಾಗೆಯೇ. ಅದನ್ನು ‘ನೋಡಲು’ ಮಾಡುವ ಅಗತ್ಯವೇ ಇರಲಿಲ್ಲ.

ಇನ್ನು ‘ಕಟ್ಟ’. ಅಣೆಕಟ್ಟು ಅಂದ ಕೂಡಲೇ ಓದುಗರ ಕಣ್ಣಿಗೆ ಸಿಮೆಂಟು, ಗೇಟು ಬರುತ್ತದೆ. ಕಟ್ಟ ಅಂದರೆ ಮಳೆಗಾಲ ಕಳೆದು ತೋಡಿನ ಹರಿವು ಸಣ್ಣದಾದಾಗ ಕಲ್ಲು, ಮಣ್ಣು ಹಾಕಿ ನೀರು ನಿಲ್ಲಿಸುವ ತಾತ್ಕಾಲಿಕ ಒಡ್ಡು. ಮುಂದಿನ ಮಳೆಗಾಲಕ್ಕೆ ಅದು ಇರುವುದಿಲ್ಲ. ಇದಕ್ಕೆ ಬೇರೆ ಪದ ಇಲ್ಲ, ಹುಡುಕಲೂಬಾರದು. ಮೊದಲ ಸಲ ಬಂದಾಗ ಒಂದು ಸಾಲಿನಲ್ಲಿ ವಿವರಿಸಿದರೆ ಆಯಿತು. ಕೋಲನ್ನು ನಾನು ತೆಗೆದುಹಾಕಿದ್ದಂತೂ ದೊಡ್ಡ ತಪ್ಪು. ಇಡೀ ಬರಹದಲ್ಲಿ ಇದ್ದ ಒಂದೇ ಅಳತೆ ಅದು! ಕೇಳಿದಾಗ ಮಾವ ತಮ್ಮ ಲೆಕ್ಕ ಹೇಳಿದರು, ಕೋಲಿಗೆ ಎರಡೂವರೆ ಅಡಿ.

ಮುಂದಿನ ತಿಂಗಳು ಇಡೀ ಬರಹವನ್ನು ಸರಿಪಡಿಸಿ ಹಾಕಿದೆವು. ಈ ಸಲ ಅಚ್ಚಿಗೆ ಮೊದಲು ಫೋನಿನಲ್ಲಿ ಅವರಿಗೇ ಓದಿ ಹೇಳಿದೆ:

“ನಮ್ಮ ತೋಡಿಗೆ ಈ ಸಲ ಕಟ್ಟ ಹಾಕಿ ಆಯಿತು. ಡಿಸೆಂಬರ್ ಶುರುವಿಗೇ ಹಾಕೋಣ ಅಂತ ಮಾತಾಡಿದ್ದೆವು. ಆದರೆ ಜನ ಸಿಗಲಿಲ್ಲ ಮಾರಾಯ್ರೆ. ಆಮೇಲೆ ಉದ್ಯೋಗ ಖಾತರಿಯವರು ಬಂದರು, ಎರಡೇ ದಿವಸದಲ್ಲಿ ಮುಗಿಯಿತು. ಈಗ ನೀರು ನಿಂತದ್ದು ನೋಡಲಿಕ್ಕೆ ಎಂಥ ಚೆಂದ! ಕೆಳಗಿನ ಬಾವಿಯಲ್ಲಿ ನೀರು ಎರಡು ಕೋಲು, ಅಂದರೆ ಐದಡಿ, ಏರಿದೆ. ಮೇಲಿನ ಕಟ್ಟಕ್ಕೆ ಇನ್ನೂ ಮಣ್ಣು ಹಾಕಬೇಕಿದೆ. ಇನ್ನು ಮಳೆ ಬರಲಿಕ್ಕಿಲ್ಲ.”

ಮೆಸೇಜಿನಲ್ಲಿ ಎರಡು ಕಡೆಯೂ ‘ಇನ್ನು’ ಅಂತಲೇ ಇತ್ತು. ಮೊದಲನೆಯದು ‘ಇನ್ನೂ’ ಅಂತ ಗೊತ್ತಾದದ್ದು ಅವರ ಬಾಯಲ್ಲಿ ಕೇಳಿದಾಗ. ಮೊಬೈಲಿನಲ್ಲಿ ಬೇಗ ಬೇಗ ಬರೆಯುವಾಗ ದೀರ್ಘ ಹೋಗಿಬಿಡುತ್ತದೆ. ‘ಮಾರಾಯ್ರೆ’ಯನ್ನು ಬೇಕಂತಲೇ ಉಳಿಸಿದೆ. ಜನ ಸಿಗದಿದ್ದಾಗಿನ ಅವರ ಸಂಕಟ ಪೂರ್ತಿ ಇರುವುದು ಆ ಒಂದು ಪದದಲ್ಲಿ. ಪ್ರತಿ ವಾಕ್ಯಕ್ಕೂ ಇದ್ದರೆ ಒಂದೆರಡನ್ನು ತೆಗೆಯುತ್ತಿದ್ದೆ. ಇಲ್ಲಿದ್ದದ್ದು ಒಂದೇ.

ಕಚೇರಿಯ ಹೆಸರುಗಳ ವಿಷಯದಲ್ಲಿ ನನಗೆ ಈಗಲೂ ಪ್ರತಿ ಸಲ ಯೋಚನೆಯಾಗುತ್ತದೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು, ಸರಕಾರದ ಮಾತು ನಮಗೆ ಮಲಯಾಳದಿಂದ ಬಂತು. ‘ಕೃಷಿ ಭವನ’ವನ್ನು ನಾನು ಮುಟ್ಟುವುದಿಲ್ಲ. ಕರ್ನಾಟಕದ ಓದುಗರಿಗೆ ಗೊತ್ತಾಗಲಿ ಅಂತ ‘ರೈತ ಸಂಪರ್ಕ ಕೇಂದ್ರ’ ಮಾಡಿದರೆ ಇಲ್ಲಿ ಇಲ್ಲದ ಕಚೇರಿಯೊಂದನ್ನು ಹುಟ್ಟಿಸಿದ ಹಾಗೆ. ‘ತೊಯಿಲುರಪ್ಪು’ ಹಾಗಲ್ಲ. ಅದು ಇಡೀ ದೇಶಕ್ಕೆ ಇರುವ ಯೋಜನೆಗೆ ಮಲಯಾಳದಲ್ಲಿ ಹೇಳುವ ಹೆಸರು, ಕನ್ನಡದಲ್ಲಿ ಬೇರೆ ಹೆಸರಿದೆ. ಅದಕ್ಕೇ ಬದಲಿಸಿದ್ದು.

ಓದಿ ಮುಗಿಸಿದಾಗ ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಈಗ ಸರಿ ಉಂಟು, ನಾನೇ ಮಾತಾಡಿದ ಹಾಗೆ ಉಂಟು” ಅಂದರು. ಆಮೇಲೆ ಕೇಳಿದರು: “ಆದ್ರೆ ತೊಯಿಲುರಪ್ಪು ಯಾಕೆ ತೆಗೆದದ್ದು? ಇಲ್ಲಿ ಉದ್ಯೋಗ ಖಾತರಿ ಅಂತ ಯಾರು ಹೇಳ್ತಾರೆ?” ಶಿರಸಿಯವರೂ ಓದುತ್ತಾರಲ್ಲ ಮಾವ ಅಂದೆ. “ಹಾಗಾದ್ರೆ ಇರ್ಲಿ” ಅಂದರು. ಪೂರ್ತಿ ಒಪ್ಪಿದ ದನಿ ಅದಾಗಿರಲಿಲ್ಲ.